ಕೂಸಿನ ಹಾಸಿಗೆ ಒದ್ದೆಯಾದರೆ



ಕೂಸಿರುವ ಮನೆಯಲ್ಲಿ ಹಾಸಿಗೆ ಒದ್ದೆಯಾಗುವುದು ಹೊಸ ಸಂಗತಿಯಲ್ಲ. ಬಟ್ಟೆಯ ಲಂಗೋಟಿ ಕಟ್ಟುತ್ತಿದ್ದ ಕಾಲದಲ್ಲಿ ಕೂಸು ಮಲಗುತ್ತಿದ್ದದ್ದು ಹಳೆಯ ಸೀರೆ, ಪಂಚೆಗಳ ಮಡಿಕೆಯ ಮೇಲೆ. ಉತ್ತರ ಕರ್ನಾಟಕದ ಕಡೆಯಾದರೆ ಕೌದಿಯ ಮೇಲೆ. ಒದ್ದೆಯಾದದ್ದನ್ನು ಎಳೆದು ಬಚ್ಚಲಿಗೆ ಹಾಕಿ, ಒಗೆದು, ಬಿಸಿಲಿಗೆ ಹರವಿದರೆ ಕೆಲಸ ಮುಗಿಯಿತು. ಈಗ ಹೆಚ್ಚಿನ ಮನೆಗಳಲ್ಲಿ ಕೂಸು ಮಲಗುವುದು ನಾಲ್ಕಾರು ಇಂಚು ದಪ್ಪದ ಫೋಮ್ ಹಾಸಿಗೆಯ ಮೇಲೆ. ರಾತ್ರಿ ಡೈಪರ್ ತುಂಬಿ ತೊಡೆಯ ಸಂದಿಯಿಂದ ಸೋರಿದರೆ ಆ ಹಾಸಿಗೆಯನ್ನು ಬಕೆಟ್ಟಿನಲ್ಲಿ ಅದ್ದುವಂತಿಲ್ಲ, ಹಿಂಡುವಂತೆಯೂ ಇಲ್ಲ. ಕಲೆಯನ್ನೂ ವಾಸನೆಯನ್ನೂ ಅದರಿಂದ ತೆಗೆಯುವುದು ಹೇಗೆ, ತೆಗೆಯಲು ಬಳಸಿದ ವಸ್ತು ಕೂಸಿಗೆ ತೊಂದರೆ ಮಾಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಮಾತು.

ಈ ಕೆಲಸಕ್ಕೆಲ್ಲ ಆಧಾರವಾದ ಸಂಗತಿ ಒಂದೇ. ಬಟ್ಟೆಯನ್ನು ಒಗೆಯುವಾಗ ಕೊಳೆಯೂ ಸೋಪೂ ನೀರಿನ ಜೊತೆ ಹರಿದುಹೋಗುತ್ತವೆ. ಹಾಸಿಗೆಯಲ್ಲಿ ಹರಿದುಹೋಗಲು ದಾರಿಯೇ ಇಲ್ಲ. ಅದಕ್ಕೆ ಹಾಕಿದ ಪ್ರತಿಯೊಂದು ಹನಿಯನ್ನೂ ಬಟ್ಟೆಯಿಂದಲೋ ಗಾಳಿಯಿಂದಲೋ ನಾವೇ ಹೊರಗೆ ತರಬೇಕು. ಒಂದು ಚೊಂಬು ನೀರು ಸುರಿದು ತಿಕ್ಕಿದರೆ ಮೇಲಿನ ಕಲೆ ಮಾಸಬಹುದು, ಆದರೆ ಮೂತ್ರ ತೆಳುವಾಗಿ ಇನ್ನೆರಡು ಇಂಚು ಕೆಳಗಿಳಿಯುತ್ತದೆ. ಅಲ್ಲಿ ಅದು ಬೇಗ ಒಣಗುವುದಿಲ್ಲ. ಹಾಸಿಗೆಗೆ ಹಾಕುವುದು ಕಡಿಮೆ, ಹಾಸಿಗೆಯಿಂದ ತೆಗೆಯುವುದು ಹೆಚ್ಚು: ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ವಾಸನೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಆಗತಾನೇ ಹೊಯ್ದ ಉಚ್ಚೆಗೆ ಹೇಳಿಕೊಳ್ಳುವಷ್ಟು ವಾಸನೆ ಇರುವುದಿಲ್ಲ. ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರು. ಉಳಿದದ್ದು ಯೂರಿಯ, ಒಂದಿಷ್ಟು ಲವಣಗಳು, ಹಳದಿ ಬಣ್ಣ ಕೊಡುವ ಅಂಶ. ಬಟ್ಟೆಯ ಮೇಲೂ ಚರ್ಮದ ಮೇಲೂ ಸದಾ ಇರುವ ಬ್ಯಾಕ್ಟೀರಿಯಾಗಳು ಈ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತವೆ. ಮೂಗಿಗೆ ರಪ್ಪನೆ ಹೊಡೆಯುವ ಘಾಟು ಅದೇ. ಇದಕ್ಕೆ ಕೆಲವು ಗಂಟೆ ಬೇಕು, ತೇವವೂ ಬೇಕು. ಹಾಗಾಗಿ ಮೊದಲ ಅರ್ಧ ಗಂಟೆಯಲ್ಲಿ ಹೀರಿ ತೆಗೆದ ಮೂತ್ರ ವಾಸನೆಯಾಗುವುದೇ ಇಲ್ಲ. ಒಳಗೆ ಉಳಿದು ಒಣಗಿದ್ದು ಮಾತ್ರ ಬೇಸಿಗೆಯಲ್ಲಿ ಸುಮ್ಮನಿದ್ದು, ಮಳೆಗಾಲದಲ್ಲಿ ಗಾಳಿಯ ತೇವ ಹೀರಿಕೊಂಡು ಮತ್ತೆ ನಾರತೊಡಗುತ್ತದೆ. "ಬೇಸಿಗೆಯಲ್ಲಿ ಚೆನ್ನಾಗಿತ್ತು, ಆಷಾಢ ಬಂದ ಮೇಲೆ ಹಾಸಿಗೆ ನಾರುತ್ತದೆ" ಎಂದು ಮನೆಗಳಲ್ಲಿ ಹೇಳುವುದು ಇದನ್ನೇ.

ಈಗ ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಎಂಟು ತಿಂಗಳ ಮಗು, ತೂಕ ಸುಮಾರು 8 ಕೆಜಿ. ಇಷ್ಟು ತೂಕದ ಮಗು ಗಂಟೆಗೆ ಅಂದಾಜು 15 ಎಂಎಲ್ ಮೂತ್ರ ಮಾಡುತ್ತದೆ ಎಂದಿಟ್ಟುಕೊಂಡರೆ ರಾತ್ರಿ ಎಂಟು ಗಂಟೆಯ ನಿದ್ದೆಯಲ್ಲಿ 120 ಎಂಎಲ್ ಆಗುತ್ತದೆ. ಡೈಪರ್ ಒಂದು ಪಕ್ಕಕ್ಕೆ ಸರಿದು ಅದರ ಅರ್ಧದಷ್ಟು ಸೋರಿತು ಎನ್ನಿ. ಅಂದರೆ ಒಂದು ಕಾಫಿ ಲೋಟದ ಅರ್ಧ. ಅದು ಹಾಸಿಗೆಯ ಮೇಲೆ ಅಂಗೈಯಗಲದ ಒಂದೆರಡು ಪಟ್ಟು ಜಾಗ ಹಿಡಿಯುತ್ತದೆ. ಮೇಲೆ ಕಾಣುವ ಗುರುತಿಗಿಂತ ಒಳಗಿನ ಒದ್ದೆ ಸಾಮಾನ್ಯವಾಗಿ ಅಗಲವಾಗಿಯೇ ಇರುತ್ತದೆ, ಇದು ನೆನಪಿರಲಿ.

ಮಗುವನ್ನು ಬೇರೆಡೆ ಮಲಗಿಸಿ, ಮೇಲುಹಾಸನ್ನು ತೆಗೆದು ತಣ್ಣೀರಿಗೆ ಹಾಕಿ. ಹಳೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಒದ್ದೆಯ ಮೇಲಿಟ್ಟು ಅಂಗೈಯಿಂದಲ್ಲ, ಮೊಣಕಾಲೂರಿ ಮೈಭಾರವನ್ನೆಲ್ಲ ಹಾಕಿ ಒತ್ತಿ. ಅರ್ಧ ನಿಮಿಷ ಹಾಗೇ ಇರಿ. ಆಮೇಲೆ ಟವೆಲಿನ ಒಣಭಾಗ ತಿರುಗಿಸಿ ಮತ್ತೆ ಒತ್ತಿ. ಅಂಚಿನಿಂದ ನಡುವಿಗೆ ಬರಬೇಕು. ನಡುವಿನಿಂದ ಅಂಚಿಗೆ ಹೋದರೆ ಕಲೆ ದೊಡ್ಡದಾಗುತ್ತದೆ. ತಿಕ್ಕಬೇಡಿ. ತಿಕ್ಕಿದರೆ ಹೊದಿಕೆಯ ನೂಲು ಎದ್ದು, ಒದ್ದೆ ಇನ್ನೂ ಕೆಳಕ್ಕಿಳಿಯುತ್ತದೆ. ಒತ್ತಿದ ಟವೆಲ್ ಒಣಗಿದಂತೆಯೇ ಬರುವವರೆಗೆ ಇದನ್ನು ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಎರಡು ಮೂರು ಟವೆಲ್ ಬೇಕಾಗಬಹುದು. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹತ್ತು ನಿಮಿಷ ಇದು. ರಾತ್ರಿ ಮೂರು ಗಂಟೆಗೆ ಇಷ್ಟೇ ಮಾಡಿ ಫ್ಯಾನ್ ಹಾಕಿ ಮಲಗಿದರೂ ಸಾಕು, ಉಳಿದದ್ದು ಬೆಳಿಗ್ಗೆಗೆ.

ಕೆಲವೊಮ್ಮೆ ಡೈಪರ್ ಹರಿದು ಒಳಗಿನ ಲೋಳೆ ಹರಳುಗಳು ಹಾಸಿಗೆಯ ಮೇಲೆ ಚೆಲ್ಲುತ್ತವೆ. ತಮ್ಮ ತೂಕದ ಹಲವು ಪಟ್ಟು ನೀರು ಹೀರುವ ಪದಾರ್ಥ ಅದು. ಅದಕ್ಕೆ ನೀರು ತಾಕಿಸಿದರೆ ಇನ್ನಷ್ಟು ಉಬ್ಬಿ ಜಾರುತ್ತದೆ. ಚಮಚದಿಂದ ಬಾಚಿ ತೆಗೆದು, ಉಳಿದದ್ದನ್ನು ಒಣಗಲು ಬಿಟ್ಟು ಬ್ರಷ್‌ನಿಂದ ಗುಡಿಸಿ. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಾದ್ದರಿಂದ ಒಂದೂ ಹರಳು ಉಳಿಯದಂತೆ ನೋಡಿ.

ಬೆಳಗಾಯಿತು. ಸ್ವಚ್ಛವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಆ ಜಾಗವನ್ನು ಒತ್ತೊತ್ತಿ ಒರೆಸಿ. ಹಿಂದೆಯೇ ಒಣ ಟವೆಲಿನಿಂದ ಒತ್ತಿ. ಹೀಗೆ ಎರಡು ಸಲ. ಲವಣ ಮತ್ತು ಯೂರಿಯ ನೀರಿನಲ್ಲಿ ಕರಗುವ ವಸ್ತುಗಳು, ಅವುಗಳ ಬಹುಪಾಲು ಇಲ್ಲಿಯೇ ಹೊರಬರುತ್ತದೆ.

ಈಗ ಅಮೋನಿಯದ ಘಾಟು ಇದ್ದರೆ ವಿನೆಗರ್ ಬೇಕು. ದಿನಸಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು. ಬಣ್ಣದ್ದು ಬೇಡ, ಅದೇ ಕಲೆ ಮಾಡುತ್ತದೆ. ಅರ್ಧ ಲೋಟ ವಿನೆಗರ್, ಅರ್ಧ ಲೋಟ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿ, ಮಂಜಿನಂತೆ ತೆಳ್ಳಗೆ ಚಿಮುಕಿಸಿ. ಹತ್ತು ನಿಮಿಷ ಬಿಟ್ಟು ಒಣ ಟವೆಲಿನಿಂದ ಒತ್ತಿ ತೆಗೆಯಿರಿ. ಅಮೋನಿಯ ಕ್ಷಾರ, ವಿನೆಗರ್ ಹುಳಿ. ಎರಡೂ ಸೇರಿ ಗಾಳಿಗೆ ಏಳದ ಲವಣವಾಗುತ್ತದೆ, ಆದ್ದರಿಂದ ಮೂಗಿಗೆ ತಟ್ಟುವುದಿಲ್ಲ. ವಿನೆಗರಿನದೇ ವಾಸನೆ ಒಣಗಿದಂತೆ ತಾನಾಗಿ ಹೋಗುತ್ತದೆ. ನಿಂಬೆರಸ ಹಾಕಬಹುದೇ ಎಂದು ಕೇಳುವವರಿದ್ದಾರೆ. ನಿಂಬೆಯಲ್ಲಿ ಹುಳಿಯ ಜೊತೆ ಸಕ್ಕರೆ ಮತ್ತು ತಿರುಳಿನ ಅಂಶವೂ ಇರುತ್ತದೆ. ಅದು ಅಂಟಾಗಿ ಉಳಿದು ಇರುವೆ ಕರೆಯುತ್ತದೆ. ಬೇಡ.

ಅಡುಗೆ ಸೋಡಾದ ಸರದಿ ಆಮೇಲೆ, ಜಾಗ ಬಹುತೇಕ ಒಣಗಿದ ಮೇಲೆ. ವಿನೆಗರ್ ಮತ್ತು ಸೋಡಾ ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರಿಸುವುದು ನೋಡಲು ಜೋರಾಗಿರುತ್ತದೆ. ಆದರೆ ಆ ನೊರೆಯಲ್ಲಿ ಹುಳಿಯೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಂಡು, ಕೊನೆಗೆ ಉಳಿಯುವುದು ಉಪ್ಪುನೀರು. ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ಅಮೋನಿಯಕ್ಕೆ ವಿನೆಗರ್. ಕಕ್ಕಿದ ಹಾಲಿನ ಹುಳಿ ವಾಸನೆಗೆ, ಉಳಿದ ಸಣ್ಣ ತೇವಕ್ಕೆ ಸೋಡಾ. ಎರಡು ಮೂರು ದೊಡ್ಡ ಚಮಚ ಅಡುಗೆ ಸೋಡಾವನ್ನು ಜರಡಿಯಿಂದ ತೆಳ್ಳಗೆ ಉದುರಿಸಿ ಆರೇಳು ಗಂಟೆ ಬಿಡಿ. ಒಗೆಯುವ ಸೋಡಾ ಬೇರೆ, ಅದು ಚರ್ಮ ಸುಡುವಷ್ಟು ಕ್ಷಾರ. ಅಂಗಡಿಯಲ್ಲಿ ಕೇಳುವಾಗ ಅಡುಗೆ ಸೋಡಾ ಎಂದೇ ಕೇಳಿ. ತೆಗೆಯುವಾಗ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಾಸಿಗೆಯನ್ನು ಹೊರಗೆ ನಿಲ್ಲಿಸಿ ಒಣ ಬ್ರಷ್‌ನಿಂದ ಕೆಳಮುಖವಾಗಿ ಗುಡಿಸಿ, ಹಿಂಬದಿಯಿಂದ ತಟ್ಟಿ. ಆ ಹೊತ್ತು ಮಗು ಅಲ್ಲಿರಬಾರದು, ಆ ಪುಡಿ ಅದರ ಉಸಿರಿಗೆ ಹೋಗುವುದು ಬೇಡ.

ಇಷ್ಟಾದರೂ ಹಳದಿ ಗುರುತು ಉಳಿದರೆ ಹೈಡ್ರೋಜನ್ ಪೆರಾಕ್ಸೈಡ್. ನಮ್ಮ ಔಷಧಿ ಅಂಗಡಿಗಳಲ್ಲಿ ಗಾಯ ತೊಳೆಯಲೆಂದು ಕೊಡುವ ಬಾಟಲಿ ಸಾಮಾನ್ಯವಾಗಿ ಶೇಕಡಾ 6ರದ್ದು. ಅದನ್ನು ಅಷ್ಟೇ ನೀರಿನಲ್ಲಿ ಬೆರೆಸಿದರೆ ಶೇಕಡಾ 3 ಆಗುತ್ತದೆ, ನಮಗೆ ಅದು ಸಾಕು. ಬಾಟಲಿಯ ಮೇಲೆ ಓದಿಕೊಂಡೇ ಬೆರೆಸಿ. ಒಂದು ಸಣ್ಣ ಬಟ್ಟಲಿನಷ್ಟು ದ್ರಾವಣಕ್ಕೆ ಪಾತ್ರೆ ತೊಳೆಯುವ ದ್ರವದ ಎರಡೇ ಹನಿ. ಬಟ್ಟೆಯಿಂದ ಕಲೆಯ ಮೇಲೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ, ಒಣ ಟವೆಲಿನಿಂದ ಒತ್ತಿ. ಪೆರಾಕ್ಸೈಡ್ ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಹಾಸಿಗೆಯಲ್ಲಿ ಏನೂ ಉಳಿಸುವುದಿಲ್ಲ. ಮಗುವಿನ ಹಾಸಿಗೆಗೆ ಅದನ್ನು ಆರಿಸಲು ಕಾರಣ ಇದೇ. ಆದರೆ ಅದು ಬಣ್ಣವನ್ನೂ ತೆಗೆಯುತ್ತದೆ, ಆದ್ದರಿಂದ ಹೊದಿಕೆಯ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ. ಕೈಗೆ ಗ್ಲೌಸ್ ಇರಲಿ. ಬೆರೆಸಿದ್ದನ್ನು ಮುಚ್ಚಿದ ಬಾಟಲಿಯಲ್ಲಿ ತುಂಬಿಡಬೇಡಿ, ಒಳಗೆ ಅನಿಲ ಸೇರಿ ಬಿರಡೆ ಹಾರಬಹುದು. ವಿನೆಗರ್ ಜೊತೆ ಒಂದೇ ಪಾತ್ರೆಯಲ್ಲಿ ಬೆರೆಸಲೂ ಬೇಡಿ, ಕಣ್ಣು ಮೂಗು ಉರಿಸುವ ಆಮ್ಲವಾಗುತ್ತದೆ.

ಮಲ ಸೋರಿದ್ದರೆ ಕ್ರಮ ಸ್ವಲ್ಪ ಬೇರೆ. ಮೊದಲು ಚಮಚದ ಅಂಚಿನಿಂದ ಗಟ್ಟಿಯಾದದ್ದನ್ನು ಎತ್ತಿ ತೆಗೆಯಿರಿ, ಒತ್ತಬೇಡಿ. ನೀರು ತಣ್ಣಗೇ ಇರಬೇಕು. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವ ಹಾಗೆ ಮಲದಲ್ಲಿನ ಪ್ರೋಟೀನ್ ಬಿಸಿನೀರಿಗೆ ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಇಲ್ಲಿ ನೆರವಿಗೆ ಬರುವುದು ಎನ್‌ಜೈಮ್ ಇರುವ ಬಟ್ಟೆ ಒಗೆಯುವ ದ್ರವ. ಒಂದು ಲೋಟ ನೀರಿಗೆ ಅರ್ಧ ಚಮಚ ಬೆರೆಸಿ, ಬಟ್ಟೆಯಿಂದ ಹಚ್ಚಿ ಕಾಲು ಗಂಟೆ ಬಿಡಿ. ಎನ್‌ಜೈಮ್ ಪ್ರೋಟೀನನ್ನು ಕತ್ತರಿಸಲು ಸಮಯವೂ ತೇವವೂ ಬೇಕು. ವಿನೆಗರ್ ಅಥವಾ ಪೆರಾಕ್ಸೈಡ್ ಮೊದಲೇ ಹಾಕಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಎನ್‌ಜೈಮ್ ಯಾವಾಗಲೂ ಮೊದಲು. ಆಮೇಲೆ ಬರೀ ನೀರಿನ ಬಟ್ಟೆಯಿಂದ ಮೂರು ನಾಲ್ಕು ಸಲ ಒರೆಸಿ ಒತ್ತಬೇಕು. ಬೆರಳಿಗೆ ಜಾರು ತಗಲಿದರೆ ಸೋಪು ಉಳಿದಿದೆ ಎಂದರ್ಥ. ಉಳಿದ ಸೋಪು ಮಗುವಿನ ಮೈ ಕೆಂಪಾಗಿಸುತ್ತದೆ, ಧೂಳನ್ನೂ ಹಿಡಿಯುತ್ತದೆ. ಎದೆಹಾಲು ಕುಡಿಯುವ ಕೂಸಿನ ಮಲದ ಹಳದಿ ಮಾತ್ರ ಎಷ್ಟು ಒರೆಸಿದರೂ ಹಟ ಹಿಡಿಯುತ್ತದೆ. ಅದರ ಬಣ್ಣಕ್ಕೆ ಪಿತ್ತದ ಅಂಶ ಕಾರಣ, ಮತ್ತು ಅದು ಬೆಳಕಿಗೆ ಒಡೆಯುತ್ತದೆ. ಒದ್ದೆಯಿರುವಾಗಲೇ ಒಂದೆರಡು ಗಂಟೆ ಬಿಸಿಲಿಗೆ ಹಿಡಿದರೆ ಅದು ಮಾಸುತ್ತಾ ಬರುತ್ತದೆ.

ಇನ್ನು ಒಣಗಿಸುವುದು. ಹಾಸಿಗೆಯನ್ನು ಮಂಚದ ಮೇಲೆ ಮಲಗಿಸಿಯೇ ಬಿಟ್ಟರೆ ಮೇಲ್ಭಾಗ ಒಣಗಿ ಒಳಗೆ ತೇವ ನಿಲ್ಲುತ್ತದೆ. ಗೋಡೆಗೆ ಓರೆಯಾಗಿ, ಎರಡೂ ಬದಿಗೆ ಗಾಳಿಯಾಡುವಂತೆ ನಿಲ್ಲಿಸಿ ಟೇಬಲ್ ಫ್ಯಾನ್ ತಿರುಗಿಸಿ. ಬಿಸಿಲಿದ್ದರೆ ಎರಡು ಮೂರು ಗಂಟೆ ಸಾಕು. ಫೋಮನ್ನು ದಿನವಿಡೀ ಸುಡುಬಿಸಿಲಿಗೆ ಹಾಕಿದರೆ ಹಳದಿಯಾಗಿ ಪುಡಿ ಏಳುತ್ತದೆ. ತೇವ ಒಂದೆರಡು ದಿನ ನಿಂತರೆ ಬೂಷ್ಟು ಹಿಡಿಯುವ ಭಯ. ಮಲೆನಾಡು, ಕರಾವಳಿಯ ಮಳೆಯಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಹತ್ತಿರ ಒಣಗಿಸುವುದು ರೂಢಿ. ಫೋಮ್ ಹಾಸಿಗೆಯನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಲೇಬೇಡಿ, ಅದು ಬೇಗ ಹೊತ್ತಿಕೊಳ್ಳುತ್ತದೆ ಮತ್ತು ಅದರ ಹೊಗೆ ವಿಷ. ಇಸ್ತ್ರಿಪೆಟ್ಟಿಗೆಯೂ ಬೇಡ.

ಒಣಗಿದೆಯೇ ಎಂದು ತಿಳಿಯಲು ಅಂಗೈಯನ್ನು ನಂಬಬೇಡಿ. ಒದ್ದೆಯಾಗಿದ್ದ ಜಾಗದ ಮೇಲೆ ಪೇಪರ್ ನ್ಯಾಪ್‌ಕಿನ್ ಇಟ್ಟು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ಹದಿನೈದು ನಿಮಿಷ ಬಿಡಿ. ನ್ಯಾಪ್‌ಕಿನ್ ತಣ್ಣಗೆ, ಮೆತ್ತಗೆ ಆಗಿದ್ದರೆ ಒಳಗೆ ತೇವವಿದೆ. ಹಾಸಿಗೆಯನ್ನು ಮಗುಚಿ ಕೆಳಬದಿಯನ್ನೂ ಮೂಸಿ ನೋಡಿ. ಹಳೆಯ ಹಾಸಿಗೆಯಲ್ಲಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದಿದ್ದರೆ, ನೋಟು ಪರೀಕ್ಷಿಸುವ ಅತಿನೇರಳೆ ಬೆಳಕಿನ ಟಾರ್ಚನ್ನು ಕತ್ತಲೆಯಲ್ಲಿ ಹಿಡಿದರೆ ಒಣಗಿದ ಮೂತ್ರ ಮಂದವಾಗಿ ಹೊಳೆಯುತ್ತದೆ. ಬಟ್ಟೆಯ ಸೋಪಿನಲ್ಲಿರುವ ಬಿಳುಪಿನ ಅಂಶವೂ ಹೊಳೆಯುತ್ತದೆ, ಹಾಗಾಗಿ ಟಾರ್ಚ್ ತೋರಿಸಿದ ಜಾಗವನ್ನು ಮೂಗಿನಿಂದ ಖಚಿತಪಡಿಸಿಕೊಳ್ಳಿ.

ಹತ್ತಿಯ ಹಾಸಿಗೆ, ನಮ್ಮಲ್ಲಿ ಕೆಲವರು ಗಾದಿ ಎನ್ನುವುದು, ಇದ್ದವರಿಗೆ ಬೇರೊಂದು ಅನುಕೂಲವಿದೆ. ಹತ್ತಿ ಮೂತ್ರವನ್ನು ಬೇಗ ಹೀರಿ ಮುದ್ದೆಯಾಗುತ್ತದೆ ನಿಜ. ಆದರೆ ಆ ಕಡೆಯ ಹೊಲಿಗೆ ಬಿಚ್ಚಿ, ಒದ್ದೆಯಾದ ಹತ್ತಿಯನ್ನಷ್ಟೇ ಹೊರತೆಗೆದು ಬಿಸಿಲಿಗೆ ಹರವಿ, ಹಿಂಜಿ ಮತ್ತೆ ತುಂಬಬಹುದು. ತೀರಾ ಕೆಟ್ಟದ್ದನ್ನು ಎಸೆದು ಎರಡು ಹಿಡಿ ಹೊಸದನ್ನು ಸೇರಿಸಬಹುದು. ತೆಂಗಿನ ನಾರಿನ ಹಾಸಿಗೆಯಲ್ಲಿ ಈ ದಾರಿ ಇಲ್ಲ. ಅದಕ್ಕೆ ಫೋಮಿಗಿಂತಲೂ ಕಡಿಮೆ ನೀರು ತಾಕಿಸಿ, ಹೆಚ್ಚು ಹೊತ್ತು ಗಾಳಿಗೆ ಬಿಡಿ.

ಇನ್ನು ಬಳಸಬಾರದ ಕೆಲವು ವಸ್ತುಗಳು. ಅವು ಮನೆಯಲ್ಲೇ ಇರುವುದರಿಂದ ಕೈ ಮೊದಲು ಅವುಗಳ ಕಡೆಗೇ ಹೋಗುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಮೂತ್ರದ ಮೇಲೆ ಹಾಕಬೇಡಿ. ಅಮೋನಿಯದ ಜೊತೆ ಅದು ಕ್ಲೋರಮೈನ್ ಎಂಬ ಅನಿಲ ಮಾಡುತ್ತದೆ, ವಿನೆಗರ್ ಜೊತೆಯಾದರೆ ಕ್ಲೋರಿನ್. ಮುಚ್ಚಿದ ಕೋಣೆಯಲ್ಲಿ ಎರಡೂ ಶ್ವಾಸಕೋಶಕ್ಕೆ ಅಪಾಯ. ಫಿನಾಯಿಲ್ ನೆಲಕ್ಕೆ, ಮಗುವಿನ ಮುಖ ತಾಕುವ ಜಾಗಕ್ಕಲ್ಲ. ಸಾಂಬ್ರಾಣಿ ಹೊಗೆ ಹಾಕಿದರೆ ವಾಸನೆ ಮರೆಯಾಗುತ್ತದೆ, ಹೋಗುವುದಿಲ್ಲ. ಹೊಗೆ ಮಾತ್ರ ಕೂಸಿನ ಎದೆಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನುಸಿಗುಳಿಗೆಯ ಬಗ್ಗೆ, ಅಂದರೆ ನ್ಯಾಫ್ತಲೀನ್. ಜಿ6ಪಿಡಿ ಎಂಬ ಎನ್‌ಜೈಮಿನ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ, ನಮ್ಮ ದೇಶದಲ್ಲಿಯೂ ಇದ್ದಾರೆ. ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿನ ಮೈಗೆ ನ್ಯಾಫ್ತಲೀನಿನ ಆವಿ ಸೇರಿದರೆ ರಕ್ತದ ಕೆಂಪು ಕಣಗಳು ಒಡೆದು ತೀವ್ರ ಕಾಮಾಲೆ, ರಕ್ತಹೀನತೆ ಬರಬಹುದು. ಹಾಸಿಗೆಯ ಕೆಳಗಾಗಲಿ, ಮಗುವಿನ ಬಟ್ಟೆಯ ಬೀರುವಿನಲ್ಲಾಗಲಿ ಆ ಗುಳಿಗೆ ಇರಕೂಡದು. ಬದಲಿಗೆ ಕರ್ಪೂರ ಇಡೋಣ ಎನ್ನುವವರಿಗೂ ಒಂದು ಮಾತು: ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಅದೂ ಬೇಡ.

ಹಾಸಿಗೆಯನ್ನು ಉಳಿಸಿಕೊಳ್ಳಲಾಗದ ಹಂತವೂ ಒಂದಿದೆ. ಚೆನ್ನಾಗಿ ಒಣಗಿಸಿದ ಮೇಲೂ ಕೆಳಬದಿಯಿಂದ ವಾಸನೆ ಬರುತ್ತಿದ್ದರೆ ಮೂತ್ರ ಪೂರ್ತಿ ದಪ್ಪಕ್ಕೂ ಇಳಿದಿದೆ, ಮೇಲಿನಿಂದ ಮಾಡುವ ಯಾವ ಉಪಚಾರವೂ ಅಲ್ಲಿಗೆ ತಲುಪದು. ಫೋಮಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಒರೆಸಿದರೂ ಬೇರು ಒಳಗಿರುತ್ತದೆ. ಒತ್ತಿದ ಜಾಗ ಮೇಲೇಳದೆ ಗುಳಿ ಬಿದ್ದಿದ್ದರೂ ಮಗುವಿಗೆ ಅದು ತಕ್ಕದ್ದಲ್ಲ, ಯಾಕೆಂದರೆ ಕೂಸು ಮಲಗುವ ಹಾಸು ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮೆತ್ತನೆಯ ಗುಳಿಯಲ್ಲಿ ಮಗು ಮಗುಚಿಕೊಂಡರೆ ಉಸಿರಿಗೆ ತೊಂದರೆ. ಈ ಮೂರರಲ್ಲಿ ಒಂದು ಕಂಡರೂ ಹಾಸಿಗೆ ಬದಲಿಸಿ.

ಹೊಸದಾಗಲಿ, ಶುಚಿ ಮಾಡಿದ ಹಳೆಯದಾಗಲಿ, ಹಾಸಿಗೆಯ ಮೇಲೆ ರಬ್ಬರ್ ಶೀಟನ್ನು ಹಾಸಿ, ನಾಲ್ಕೂ ಅಂಚನ್ನು ಹಾಸಿಗೆಯಡಿಗೆ ಬಿಗಿಯಾಗಿ ಮಡಚಿ, ಅದರ ಮೇಲೆ ಹತ್ತಿಯ ಬಟ್ಟೆ ಹಾಕಿ. ಶೀಟು ಸಡಿಲವಾಗಿ ಮಗುವಿನ ಮುಖದ ಹತ್ತಿರ ಬರಬಾರದು. ಬಿಗಿ ಹೊದಿಕೆಯಾಗಿ ಸಿಗುವ ನೀರುತಡೆ ಕವರ್ ಆದರೆ ಇನ್ನೂ ನೆಮ್ಮದಿ. ಡೈಪರ್ ತೊಡಿಸಿದ ಮೇಲೆ ತೊಡೆಯ ಸುತ್ತಲಿನ ನೆರಿಗೆ ಒಳಕ್ಕೆ ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿ ಹೊರಗೆಳೆಯಿರಿ, ರಾತ್ರಿಯ ಸೋರಿಕೆಗೆ ಹಲವು ಸಲ ಕಾರಣ ಅಷ್ಟೇ ಇರುತ್ತದೆ. ರಬ್ಬರ್ ಶೀಟಿನ ಮೇಲೆ ಬಿದ್ದದ್ದನ್ನು ಸೋಪು ನೀರಿನಿಂದ ತೊಳೆದು ನೆರಳಲ್ಲಿ ಒಣಗಿಸಬಹುದು. ಅದನ್ನು ಹರಿಯುವ ನೀರಿಗೆ ಹಿಡಿಯಬಹುದು, ಹಾಸಿಗೆಯನ್ನು ಹಿಡಿಯಲಾಗದು. ಎರಡು ಶೀಟು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ.